ಒಂದೇ ಹಾಳೆ ತಟ್ಟೆ, ಮೂರು ಮಾತು: ಫೋಟೋ, ಟೈಟಲ್, ವಿವರಣೆ ಜಗಳವಾಡುವ ಲಿಸ್ಟಿಂಗ್ ಸರಿಮಾಡುವುದು ಹೇಗೆ

ಹೊಸನಗರದ ಕಡೆ ನಮ್ಮ ಭಾವನ ಮನೆ. ತೋಟದ ಪಕ್ಕದಲ್ಲೇ ಒಂದು ತಗಡಿನ ಶೆಡ್ಡು, ಅದರಲ್ಲಿ ಅಡಿಕೆ ಹಾಳೆಯ ತಟ್ಟೆ ಒತ್ತುವ ಎರಡು ಮಿಷನ್ನು. ಊರಿನ ಮದುವೆ, ಉಪನಯನಕ್ಕೆ ಕೊಟ್ಟು ಉಳಿದದ್ದನ್ನು ಆನ್‌ಲೈನಲ್ಲಿ ಮಾರೋಣ ಅಂತ ಒಂದು ದೊಡ್ಡ ತಾಣದಲ್ಲಿ ಲಿಸ್ಟಿಂಗ್ ಹಾಕಿದ್ದ. ಮೊದಲ ಎರಡು ತಿಂಗಳು ಏನೂ ತೊಂದರೆ ಇರಲಿಲ್ಲ. ಆಮೇಲೆ ರಿಟರ್ನ್ ಶುರುವಾಯಿತು.

ನಾನು ಅಲ್ಲಿಗೆ ಹೋಗಿದ್ದ ದಿನವೇ ಬೆಂಗಳೂರಿನಿಂದ ಒಬ್ಬರು ಹೆಂಗಸು ಫೋನ್ ಮಾಡಿದ್ದರು. ಮರುದಿನ ಬೆಳಿಗ್ಗೆ ಅವರ ಮನೆಯ ಗೃಹಪ್ರವೇಶ. ನಾಲ್ಕು ಪ್ಯಾಕ್ ತರಿಸಿದ್ದಾರೆ, ಇನ್ನೂರು ತಟ್ಟೆ ಬರುತ್ತೆ ಅಂದುಕೊಂಡಿದ್ದಾರೆ, ಬಂದಿರೋದು ನೂರು.

"ಪ್ಯಾಕಿಗೆ ಐವತ್ತು ಅಂತ ನೀವೇ ಬರೆದಿದ್ದೀರಲ್ರೀ."

"ಇಲ್ಲ ಮೇಡಂ, ಟೈಟಲಲ್ಲೇ ಇಪ್ಪತ್ತೈದು ಅಂತ ಇದೆ, ನೋಡಿ."

"ಕೆಳಗೆ ವಿವರಣೆ ಓದಿ. ಐವತ್ತು ಅಂತ ಇದೆ. ನಾನೇನು ಕನಸು ಕಂಡ್ನಾ?"

ಭಾವ ಫೋನನ್ನು ಕಿವಿಯಿಂದ ತೆಗೆದು ತನ್ನದೇ ಲಿಸ್ಟಿಂಗ್ ತೆರೆದು ನೋಡಿದ. ಇಬ್ಬರೂ ಹೇಳಿದ್ದು ಸರಿ. ಮೇಲೆ 25, ಕೆಳಗೆ 50. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಟೈಟಲಲ್ಲಿ 10 ಇಂಚು, ವಿವರಣೆಯಲ್ಲಿ 12 ಇಂಚು. ಮೊದಲ ಫೋಟೋದಲ್ಲಿ ಚೌಕ ತಟ್ಟೆಗಳ ಅಟ್ಟಿ, ಅದರ ಪಕ್ಕ ನಾಲ್ಕು ದೊನ್ನೆ, ಎರಡು ಮರದ ಚಮಚ. ಅವನು ಕಳಿಸುತ್ತಿದ್ದದ್ದು ಮಾತ್ರ ಮೊದಲಿನಿಂದಲೂ ಒಂದೇ: 10 ಇಂಚಿನ ದುಂಡು ತಟ್ಟೆ, ಪ್ಯಾಕಿಗೆ 25. ದೊನ್ನೆನೂ ಇಲ್ಲ, ಚಮಚನೂ ಇಲ್ಲ.

ಇದು ಹೇಗಾಯಿತು ಅಂತ ಕೇಳಿದರೆ ಯಾರೂ ಸುಳ್ಳು ಹೇಳಿದ್ದಲ್ಲ. ಟೈಟಲ್ ಹಾಕಿದ್ದು ಭಾವ. ವಿವರಣೆ ಹಾಕಿದ್ದು ಅವನ ಮಗ, ಮೊದಲು ಹೋಟೆಲ್‌ನವರಿಗೆ ಅಂತ ಮಾಡಿದ್ದ 12 ಇಂಚಿನ 50ರ ಪ್ಯಾಕಿನ ಬರಹವನ್ನೇ ನಕಲು ಮಾಡಿ ಅಂಟಿಸಿದ್ದ. ಫೋಟೋ ಯಾವುದೋ ಮದುವೆ ಮನೆಯಲ್ಲಿ ಒಬ್ಬ ಫೋಟೋಗ್ರಾಫರ್ ತೆಗೆದುಕೊಟ್ಟದ್ದು, ಚೆನ್ನಾಗಿದೆ ಅಂತ ಹಾಕಿದ್ದು. ಮೂರು ಜನ, ಮೂರು ಸಲ, ಮೂರು ತರ. ನಾನು ನೋಡಿದ ಇಂಥ ಲಿಸ್ಟಿಂಗ್‌ಗಳಲ್ಲಿ ಮುಕ್ಕಾಲು ಪಾಲು ಹೀಗೇ ಹುಟ್ಟಿದ್ದು. ಮೋಸ ಮಾಡೋಕೆ ಅಂತ ಕೂತು ಬರೆಯುವವನು ಇಷ್ಟು ದಡ್ಡತನದಲ್ಲಿ ಬರೆಯುವುದಿಲ್ಲ ಬಿಡಿ.

ಕೊಳ್ಳುವಾಗ ಫೋಟೋ, ಜಗಳಕ್ಕೆ ವಿವರಣೆ

ಭಾವನ ವಾದ ಏನಿತ್ತು ಅಂದರೆ, "ಟೈಟಲ್ ಸರಿ ಇದೆಯಲ್ಲ, ಅದನ್ನೇ ಅಲ್ವಾ ಎಲ್ಲರೂ ಓದೋದು?" ಇಲ್ಲಿಯೇ ಎಲ್ಲರೂ ಎಡವುವುದು.

ಮೊಬೈಲಲ್ಲಿ ಕೊಳ್ಳುವವರು ಮೊದಲು ಫೋಟೋ ನೋಡುತ್ತಾರೆ. ಆಮೇಲೆ ಬೆಲೆ. ಆಮೇಲೆ ಟೈಟಲಿನ ಮೊದಲ ಕೆಲವು ಪದ, ಯಾಕೆಂದರೆ ಹುಡುಕಾಟದ ಪುಟದಲ್ಲಿ ಉಳಿದದ್ದು ಚುಕ್ಕೆ ಚುಕ್ಕೆಯಾಗಿ ಕತ್ತರಿಸಿ ಹೋಗಿರುತ್ತದೆ. ವಿವರಣೆ ತುಂಬಾ ಕೆಳಗೆ, ರಿವ್ಯೂ ದಾಟಿ, ಮಡಚಿಕೊಂಡು ಕೂತಿರುತ್ತದೆ. ಕೊಳ್ಳುವಾಗ ಅದನ್ನು ಬಿಡಿಸಿ ಓದುವವರು ಕಡಿಮೆ. ಆದರೆ ಡಬ್ಬ ಬಂದು, ತೆರೆದು, ಅಂದುಕೊಂಡದ್ದು ಇಲ್ಲ ಅಂತ ಆದಮೇಲೆ ಅದೇ ಮನುಷ್ಯ ವಿವರಣೆಯನ್ನು ಒಂದೊಂದೇ ಅಕ್ಷರ ಓದುತ್ತಾನೆ. ಆಗ ಅವನಿಗೆ ಬೇಕಾದ ಸಾಕ್ಷಿ ಅಲ್ಲಿ ಸಿಕ್ಕಿಬಿಟ್ಟರೆ ಮುಗಿಯಿತು.

ಅದಕ್ಕೇ "ಫೋಟೋದಲ್ಲಿರುವ ದೊನ್ನೆ, ಚಮಚ ಸೇರಿಲ್ಲ" ಅಂತ ಕೆಳಗೆ ಒಂದು ಸಾಲು ಬರೆದರೆ ಕೆಲಸ ಆಗುವುದಿಲ್ಲ. ಕೊಳ್ಳುವ ಹೊತ್ತಿಗೆ ಅದನ್ನು ಯಾರೂ ನೋಡಿರುವುದಿಲ್ಲ. ಜಗಳದ ಹೊತ್ತಿಗೆ ಅದು ನಿಮ್ಮ ಪರವಾಗಿ ಸ್ವಲ್ಪ ಮಾತಾಡಬಹುದು, ಆದರೆ ಫೋಟೋದಲ್ಲಿ ದೊನ್ನೆ ಕಣ್ಣಿಗೆ ರಾಚುವಂತೆ ಕೂತಿರುವಾಗ ತಾಣದವರು ಸಾಮಾನ್ಯವಾಗಿ ಕೊಂಡವರ ಕಡೆಗೇ ವಾಲುತ್ತಾರೆ. ಎರಡು ಅರ್ಥ ಬರುವಂತೆ ಬರೆದವರು ನೀವು, ಅದರ ನಷ್ಟ ಕೊಂಡವರು ಯಾಕೆ ಹೊರಬೇಕು ಅನ್ನುವುದು ತಾಣದವರ ಲೆಕ್ಕ. ನನಗೂ ಅದು ನ್ಯಾಯವೇ ಅನ್ನಿಸುತ್ತದೆ.

ಕಾನೂನೂ ಹಾಗೇ ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಬಂದ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ವಿವರಣೆ ಮತ್ತು ಚಿತ್ರ ನಿಜವಾದ ವಸ್ತುವಿನ ರೂಪಕ್ಕೂ ಗುಣಕ್ಕೂ ನೇರವಾಗಿ ಹೊಂದುತ್ತವೆ ಅಂತ ಮಾರುವವರು ತಾಣಕ್ಕೆ ಮುಚ್ಚಳಿಕೆ ಕೊಡಬೇಕು. ಲಿಸ್ಟಿಂಗ್ ಹಾಕುವಾಗ ಓದದೇ ಒತ್ತುತ್ತೇವಲ್ಲ ಒಪ್ಪಿಗೆ ಬಟನ್, ಅದರೊಳಗೆ ಇದೂ ಇರುತ್ತದೆ. ಜಾಹೀರಾತಿನಲ್ಲಿ ಹೇಳಿದ ಲಕ್ಷಣ ಇಲ್ಲದ ಮಾಲನ್ನು ವಾಪಸ್ ತೆಗೆದುಕೊಳ್ಳಲ್ಲ ಅನ್ನುವ ಹಾಗೂ ಇಲ್ಲ. "ನಮ್ಮಲ್ಲಿ ರಿಟರ್ನ್ ಇಲ್ಲ" ಅಂತ ದಪ್ಪ ಅಕ್ಷರದಲ್ಲಿ ಬರೆದರೂ ಈ ವಿಷಯಕ್ಕೆ ಅದು ತಾಗುವುದಿಲ್ಲ.

ತಪ್ಪು ಎಲ್ಲಿದೆ ಅಂತ ದೂರುಗಳೇ ಹೇಳುತ್ತವೆ

ಸರಿಮಾಡೋಕೆ ಕೂರುವ ಮೊದಲು ಬಂದ ದೂರುಗಳನ್ನೆಲ್ಲ ಒಂದು ಕಡೆ ಬರೆದುಕೊಂಡೆವು. ಒಟ್ಟು ಒಂಬತ್ತು. "ಕಡಿಮೆ ಬಂದಿದೆ" ಅಂತ ನಾಲ್ಕು. "ಚಿಕ್ಕದು" ಅಂತ ಎರಡು. "ಚೌಕ ಕೇಳಿದ್ದೆ, ದುಂಡು ಬಂದಿದೆ" ಅಂತ ಒಂದು. "ದೊನ್ನೆ ಎಲ್ಲಿ" ಅಂತ ಒಂದು. ಇನ್ನೊಂದು "ಕಪ್ಪು ಮಚ್ಚೆ, ಹಳೇ ಮಾಲು" ಅಂತ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಎಲ್ಲರೂ ಒಂದೇ ದೂರು ಹೇಳುತ್ತಿದ್ದರೆ ಮೊದಲು ಮಾಲನ್ನೇ ಅನುಮಾನಿಸಬೇಕು, ಅಥವಾ ಯಾವುದೋ ಒಂದು ಫೋಟೋವನ್ನು. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೇಳುತ್ತಿದ್ದರೆ, ಮಾಲು ಮಾತ್ರ ಪ್ರತಿ ಸಲ ಒಂದೇ ತರ ಹೋಗುತ್ತಿದ್ದರೆ, ಅದು ಲಿಸ್ಟಿಂಗ್ ತನ್ನೊಳಗೇ ಜಗಳವಾಡುತ್ತಿದೆ ಅನ್ನೋದರ ಗುರುತು. ಒಬ್ಬರು ಫೋಟೋ ನಂಬಿದ್ದಾರೆ, ಇನ್ನೊಬ್ಬರು ವಿವರಣೆ ನಂಬಿದ್ದಾರೆ, ಅಷ್ಟೇ.

"ಕಡಿಮೆ ಬಂದಿದೆ" ಅನ್ನುವ ನಾಲ್ಕರಲ್ಲಿ ಮೂವರು ವಿವರಣೆ ಓದಿದವರೇ ಅಲ್ಲ. ಹಾಗಾದರೆ ಐವತ್ತು ಅನ್ನುವ ಲೆಕ್ಕ ಅವರಿಗೆ ಎಲ್ಲಿಂದ ಬಂತು? ಇದನ್ನು ಹುಡುಕೋಕೆ ಅರ್ಧ ಗಂಟೆ ಹಿಡಿಯಿತು. ಕೊನೆಗೆ ಸಿಕ್ಕಿದ್ದು ಬೆಲೆಯ ಕೆಳಗಿನ ಸಣ್ಣ ಅಕ್ಷರದಲ್ಲಿ. ಪ್ಯಾಕಿಗೆ ₹299. ಅದರ ಪಕ್ಕ, ಒಂದಕ್ಕೆ ₹5.98 ಅಂತ ತಾಣವೇ ಲೆಕ್ಕ ಹಾಕಿ ತೋರಿಸುತ್ತಿತ್ತು. 299ನ್ನು 25ರಿಂದ ಭಾಗಿಸಿದರೆ ₹11.96 ಬರಬೇಕು. 5.98 ಬಂದಿದೆ ಅಂದರೆ ತಾಣ ಐವತ್ತರಿಂದ ಭಾಗಿಸಿದೆ. ಆ ಐವತ್ತು ಬಂದದ್ದು ಲಿಸ್ಟಿಂಗ್ ತುಂಬುವ ಫಾರ್ಮಿನ ಒಂದು ಖಾನೆಯಿಂದ. ಎಷ್ಟು ನಗ ಅಂತ ಕೇಳುವ ಆ ಖಾನೆಯಲ್ಲಿ ಮಗ ಹಳೇ ಲಿಸ್ಟಿಂಗಿನ ಸಂಖ್ಯೆಯನ್ನೇ ಬಿಟ್ಟಿದ್ದ.

ಈ ಖಾನೆಗಳನ್ನು ಜನ ಮರೆಯುತ್ತಾರೆ, ಯಾಕೆಂದರೆ ಅವು ಟೈಟಲ್ ತರ, ವಿವರಣೆ ತರ ಕಣ್ಣಿಗೆ ಬೀಳುವುದಿಲ್ಲ. ಬಣ್ಣ, ಆಕಾರ, ಅಳತೆ, ನಗ, ಎಷ್ಟು ಪ್ಯಾಕ್, ಯಾವುದರಿಂದ ಮಾಡಿದ್ದು ಅಂತ ಹತ್ತು ಹದಿನೈದು ಖಾನೆ ಇರುತ್ತವೆ. ಕೊಳ್ಳುವವರು ಎಡಗಡೆ ಸೋಸುವ ಪಟ್ಟಿಯಲ್ಲಿ "ಚೌಕ" ಅಂತ ಟಿಕ್ ಹಾಕಿದರೆ ಏನೇನು ಬರಬೇಕು ಅಂತ ತೀರ್ಮಾನ ಆಗೋದು ಈ ಖಾನೆಗಳಿಂದ, ನೀವು ಬರೆದ ಚಂದದ ವಾಕ್ಯಗಳಿಂದಲ್ಲ. ಭಾವನ ದುಂಡು ತಟ್ಟೆಯ ಆಕಾರದ ಖಾನೆಯಲ್ಲಿ ಏನಿತ್ತು ಅಂತೀರಿ? ಚೌಕ. ಇನ್ನೊಂದು ಖಾನೆ ವಿಶೇಷವಾಗಿ ಕಾಟ ಕೊಡುತ್ತದೆ, ಎಷ್ಟು ಪ್ಯಾಕ್ ಅನ್ನೋದು. ಒಂದು ಪ್ಯಾಕಲ್ಲಿ 25 ತಟ್ಟೆ ಇದ್ದರೆ ನಗ 25, ಪ್ಯಾಕ್ 1. ಎರಡೂ ಕಡೆ 25 ತುಂಬಿದರೆ ತಾಣ ಟೈಟಲಿನ ಕೊನೆಗೆ ತಾನೇ "25 ಪ್ಯಾಕ್" ಅಂತ ಅಂಟಿಸಿಬಿಡಬಹುದು. ಆಗ 625 ತಟ್ಟೆ ಬೇಕು ಅಂತ ಒಬ್ಬರು ಕೂತರೆ ನೀವು ಏನೂ ಮಾಡೋಕೆ ಆಗಲ್ಲ.

ಮೊದಲು ನಿಲ್ಲಿಸಿ, ಆಮೇಲೆ ತಿದ್ದಿ

ತಪ್ಪು ಕಂಡ ಕೂಡಲೇ ಕೈ ಹೋಗೋದು ತಿದ್ದುವ ಬಟನ್ನಿಗೆ. ಅದಕ್ಕಿಂತ ಮೊದಲು ಎರಡು ಕೆಲಸ ಇದೆ.

ಒಂದು, ಸ್ಟಾಕನ್ನು ಸೊನ್ನೆ ಮಾಡಿ. ಲಿಸ್ಟಿಂಗ್ ಅಳಿಸಬೇಡಿ, ಅಳಿಸಿದರೆ ರಿವ್ಯೂಗಳೂ ಅದರ ಜೊತೆ ಹೋಗಬಹುದು. ಸೊನ್ನೆ ಮಾಡಿದರೆ ಹೊಸ ಆರ್ಡರ್ ನಿಲ್ಲುತ್ತದೆ. ತಿದ್ದಿದ್ದು ಎಲ್ಲ ಕಡೆ ಕಾಣಿಸೋಕೆ ಕೆಲವು ಗಂಟೆ, ಕೆಲವು ಸಲ ಒಂದೆರಡು ದಿನ ಹಿಡಿಯುತ್ತದೆ. ಟೈಟಲ್ ಬದಲಾಗಿ ಫೋಟೋ ಬದಲಾಗದ ಆ ನಡುವಿನ ಹೊತ್ತಿನಲ್ಲಿ ಬಂದ ಆರ್ಡರ್ ಹೊಸ ತಲೆನೋವು.

ಎರಡು, ಇರುವ ಹಾಗೇ ಇಡೀ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಮೊಬೈಲಲ್ಲಿ ಒಂದು, ಕಂಪ್ಯೂಟರಲ್ಲಿ ಒಂದು. ಇದು ಯಾಕೆ ಅಂದರೆ, ಜಗಳ ತೀರ್ಮಾನ ಆಗೋದು ಇವತ್ತು ಪುಟದಲ್ಲಿ ಏನಿದೆ ಅನ್ನೋದರ ಮೇಲಲ್ಲ, ಆರ್ಡರ್ ಮಾಡಿದ ದಿನ ಏನಿತ್ತು ಅನ್ನೋದರ ಮೇಲೆ. ನೀವು ಇವತ್ತು ತಿದ್ದಿ, ನಾಳೆ "ನೋಡಿ, 25 ಅಂತಲೇ ಇದೆ" ಅಂದರೆ ಅದು ನಿಮ್ಮ ಮಾನ ಕಳೆಯುವ ಕೆಲಸ. ಕೊಂಡವರ ಹತ್ತಿರವೂ ಸ್ಕ್ರೀನ್‌ಶಾಟ್ ಇರುತ್ತದೆ ಅನ್ನೋದು ನೆನಪಿರಲಿ.

ಆಮೇಲೆ ಇನ್ನೂ ಕಳಿಸದ ಆರ್ಡರ್‌ಗಳು. ಭಾವನ ಹತ್ತಿರ ಆ ದಿನ ಏಳು ಇದ್ದವು. ತಾಣದ ಮೆಸೇಜಿನಲ್ಲೇ ಏಳು ಜನಕ್ಕೂ ಬರೆದೆವು: "ನಮ್ಮ ಪುಟದಲ್ಲಿ ತಟ್ಟೆಯ ಸಂಖ್ಯೆ, ಅಳತೆ ಮತ್ತು ಆಕಾರ ತಪ್ಪಾಗಿ ಬಿದ್ದಿದೆ. ಪ್ಯಾಕಿನಲ್ಲಿ ಇರುವುದು 10 ಇಂಚಿನ ದುಂಡು ತಟ್ಟೆ 25, ದೊನ್ನೆ ಚಮಚ ಇರುವುದಿಲ್ಲ. ಇದು ನಿಮಗೆ ಆಗುತ್ತಾ, ಇಲ್ಲ ಆರ್ಡರ್ ರದ್ದು ಮಾಡಬೇಕಾ ತಿಳಿಸಿ." ಇಬ್ಬರು ಬೇಡ ಅಂದರು. ನಾಲ್ವರು ಪರವಾಗಿಲ್ಲ ಕಳಿಸಿ ಅಂದರು. ಒಬ್ಬರು ಉತ್ತರವೇ ಕೊಡಲಿಲ್ಲ, ಅದನ್ನು ರದ್ದು ಮಾಡಿದೆವು. ಮಾರುವವರೇ ರದ್ದು ಮಾಡಿದರೆ ಖಾತೆಯ ಅಂಕ ಸ್ವಲ್ಪ ಬೀಳುತ್ತದೆ, ಅದಕ್ಕೆ ಭಾವ ಗೊಣಗಿದ. ನನ್ನ ಲೆಕ್ಕ ಬೇರೆ. ಒಂದು ರದ್ದಿಗಿಂತ ಒಂದು ಕೆಟ್ಟ ರಿವ್ಯೂ ಜಾಸ್ತಿ ದಿನ ಉಳಿಯುತ್ತದೆ, ಹೋಗಿ ಬರುವ ಕೊರಿಯರ್ ಖರ್ಚು ಬೇರೆ. ಅದೂ ಮಳೆಗಾಲದಲ್ಲಿ ವಾಪಸ್ ಬಂದ ಹಾಳೆ ತಟ್ಟೆ ಬೂಷ್ಟು ಹಿಡಿಯದೇ ಬಂದರೆ ಪುಣ್ಯ.

ತಟ್ಟೆ ಮೇಜಿನ ಮೇಲೆ, ಸ್ಕೇಲು ಅದರ ಮೇಲೆ

ಈಗ ತಿದ್ದುವ ಕೆಲಸ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಏನೆಂದರೆ ಟೈಟಲ್ ನೋಡಿಕೊಂಡು ವಿವರಣೆ ಸರಿಮಾಡುವುದು, ಅಥವಾ ವಿವರಣೆ ನೋಡಿಕೊಂಡು ಫೋಟೋ ಹುಡುಕುವುದು. ಒಂದು ಬರಹದಿಂದ ಇನ್ನೊಂದು ಬರಹ ತಿದ್ದಿದರೆ ತಪ್ಪೂ ಜೊತೆಗೇ ಬರುತ್ತದೆ. ವಸ್ತುವಿನಿಂದಲೇ ಶುರು ಮಾಡಬೇಕು.

ಕಳಿಸೋಕೆ ಕಟ್ಟಿಟ್ಟಿದ್ದ ಒಂದು ಪ್ಯಾಕ್ ತಂದು, ಕೊರಿಯರಿನವರು ಕೊಟ್ಟ ಹಾಗೆ ಕತ್ತರಿಸಿ ತೆಗೆದೆವು. ಎಣಿಸಿದರೆ 25. ಸರಿ. ಸ್ಟೀಲ್ ಸ್ಕೇಲ್ ಇಟ್ಟು ಅಂಚಿನಿಂದ ಅಂಚಿಗೆ ಅಳೆದರೆ ಒಂದು ತಟ್ಟೆ 25.2 ಸೆಂ.ಮೀ., ಇನ್ನೊಂದು 24.8, ಮತ್ತೊಂದು ಸ್ವಲ್ಪ ಸೊಟ್ಟಗಾಗಿ ಒಂದು ಕಡೆ 25, ಇನ್ನೊಂದು ಕಡೆ 24.6. ಹತ್ತು ಇಂಚು ಅಂದರೆ 25.4. ಅಚ್ಚು ಹತ್ತು ಇಂಚಿನದೇ, ಆದರೆ ಹಾಳೆಯನ್ನು ನೆನೆಸಿ, ಹಸಿಯಿರುವಾಗಲೇ ಬಿಸಿ ಅಚ್ಚಿನಲ್ಲಿ ಒತ್ತುವುದರಿಂದ ಒಣಗುತ್ತಾ ಸ್ವಲ್ಪ ಕುಗ್ಗುತ್ತದೆ, ಸ್ವಲ್ಪ ಬಾಗುತ್ತದೆ. ಇದು ಕಾರ್ಖಾನೆಯ ಪ್ಲಾಸ್ಟಿಕ್ ತಟ್ಟೆ ಅಲ್ಲವಲ್ಲ.

ಇದಕ್ಕಿಂತ ಮುಖ್ಯವಾದದ್ದು ಸಿಕ್ಕಿದ್ದು ತಳ ಅಳೆದಾಗ. ಅಂಚು ಇಳಿಜಾರಾಗಿ ಇರುವುದರಿಂದ ಊಟ ಬಡಿಸುವ ಸಪಾಟು ಜಾಗ 18 ಸೆಂ.ಮೀ. ಮಾತ್ರ, ಅಂದರೆ ಏಳು ಇಂಚಿನಷ್ಟು. "ಚಿಕ್ಕದು" ಅಂದ ಇಬ್ಬರಲ್ಲಿ ಒಬ್ಬರು ಫೋಟೋ ಹಾಕಿದ್ದರು, ಅದರಲ್ಲಿ ಅವರ ಟೇಪು ತಳದ ಮೇಲೆ ಇತ್ತು. ಅವರದ್ದೂ ಸುಳ್ಳಲ್ಲ. ಹತ್ತು ಇಂಚು ಅಂತ ನಾವು ಬರೆದದ್ದು ಅಂಚಿನಿಂದ ಅಂಚಿಗೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಎಲ್ಲಿಂದ ಎಲ್ಲಿಗೆ ಅಂತ ಹೇಳದ ಅಳತೆ ಅರ್ಧ ಅಳತೆ.

ಇಷ್ಟನ್ನು ಒಂದು ಚೀಟಿಯಲ್ಲಿ ಬರೆದೆವು. ದುಂಡು. ಅಂಚಿನಿಂದ ಅಂಚಿಗೆ 25 ಸೆಂ.ಮೀ., ಅರ್ಧ ಸೆಂ.ಮೀ. ಹೆಚ್ಚು ಕಡಿಮೆ. ತಳ 18. ಆಳ ಎರಡೂವರೆ ಸೆಂ.ಮೀ. ತಟ್ಟೆಯೊಳಗೆ ಖಾನೆ ಇಲ್ಲದ್ದು. ಪ್ಯಾಕಿಗೆ 25 ತಟ್ಟೆ, ಬೇರೇನೂ ಇಲ್ಲ. ಇನ್ನು ಟೈಟಲ್, ಫೋಟೋ, ಫಾರ್ಮಿನ ಖಾನೆ, ವಿವರಣೆ, ಪ್ಯಾಕಿನ ಮೇಲಿನ ಲೇಬಲ್, ಈ ಐದೂ ಈ ಚೀಟಿಯನ್ನೇ ನೋಡಿ ತುಂಬಬೇಕು, ಒಂದನ್ನೊಂದು ನೋಡಿ ಅಲ್ಲ. ಲೇಬಲ್ ಯಾಕೆ ಅಂದರೆ ಎಷ್ಟು ಪ್ರಮಾಣ, ಎಷ್ಟು ಬೆಲೆ ಅನ್ನುವುದು ಪ್ಯಾಕಿನ ಮೇಲೂ ಇರಬೇಕು, 2018ರ ಜನವರಿಯಿಂದ ಆನ್‌ಲೈನ್ ಪುಟದಲ್ಲೂ ಇರಬೇಕು, ತೂಕ ಮತ್ತು ಅಳತೆಯ ನಿಯಮ ಅದು. ಎರಡರಲ್ಲಿ ಬೇರೆ ಬೇರೆ ಇದ್ದರೆ ಜಗಳ ಕೊಂಡವರ ಜೊತೆ ಮಾತ್ರ ಅಲ್ಲ.

ಟೈಟಲ್ ಹೀಗಾಯಿತು: "ಅಡಿಕೆ ಹಾಳೆ ತಟ್ಟೆ, ದುಂಡು, 10 ಇಂಚು, 25 ತಟ್ಟೆ". ಮೊದಲಿನದರಲ್ಲಿ "ಪರಿಸರ ಸ್ನೇಹಿ ಮಲೆನಾಡಿನ ಸಾಂಪ್ರದಾಯಿಕ" ಅಂತೆಲ್ಲ ಮುಂದೆ ಇತ್ತು, ಸಂಖ್ಯೆ ಕೊನೆಗೆ. ಫೋನಿನಲ್ಲಿ ಸಾಂಪ್ರದಾಯಿಕ ಅನ್ನೋವರೆಗೆ ಕಂಡು ಸಂಖ್ಯೆ ಮಾಯ. ಈಗ ಜಗಳ ಆಗುವ ವಿಷಯ ಮೊದಲು, ಹೊಗಳಿಕೆ ಜಾಗ ಉಳಿದರೆ ಆಮೇಲೆ.

ವಿವರಣೆಯ ಮೊದಲ ಸಾಲಿನಲ್ಲೇ ಅದೇ ಸಂಖ್ಯೆಗಳು, ಅದೇ ಪದಗಳಲ್ಲಿ. ಟೈಟಲಲ್ಲಿ ತಟ್ಟೆ ಅಂತ ಬರೆದು ಕೆಳಗೆ ಪ್ಲೇಟ್ ಅಂತ, ಆಮೇಲೆ ಪೀಸ್ ಅಂತ, ಸೆಟ್ ಅಂತ ಬರೆಯಬೇಡಿ. "25ರ ಸೆಟ್" ಅಂದರೆ 25 ತಟ್ಟೆ ಇರುವ ಸೆಟ್ಟಾ, 25 ಸೆಟ್ಟಾ? ಶಾಲೆಯಲ್ಲಿ ಒಂದೇ ಪದ ಮತ್ತೆ ಮತ್ತೆ ಬಳಸಬೇಡಿ ಅಂತ ಮೇಷ್ಟ್ರು ಹೇಳಿಕೊಟ್ಟದ್ದನ್ನು ಇಲ್ಲಿ ಮರೆತುಬಿಡಿ.

ಫೋಟೋ: ಅತಿ ಕಪ್ಪು ತಟ್ಟೆಯದ್ದೇ ತೆಗೆಯಿರಿ

ಮದುವೆ ಮನೆಯ ಫೋಟೋವನ್ನು ಪುಟದಿಂದ ಕಿತ್ತುಹಾಕಲು ಭಾವನಿಗೆ ಮನಸ್ಸೇ ಇರಲಿಲ್ಲ. ನಿಜಕ್ಕೂ ಚಂದದ ಫೋಟೋ ಅದು. ಅಟ್ಟಿಯ ಮೇಲಿನ ತಟ್ಟೆಯಲ್ಲಿ ಕೋಸಂಬರಿ, ಪಲ್ಯ, ಹೋಳಿಗೆ ಎಲ್ಲ ಬಡಿಸಿ, ಬಿಸಿಲು ಓರೆಯಾಗಿ ಬಿದ್ದು. ಆದರೆ ಅದರಲ್ಲಿರೋದು 12 ಇಂಚಿನ ಚೌಕ ತಟ್ಟೆ. ಕೊನೆಗೆ ದೊನ್ನೆ, ಚಮಚ ಇರುವ ಭಾಗ ಕತ್ತರಿಸಿ ಹೋಟೆಲ್‌ನವರ ಹಳೇ ಲಿಸ್ಟಿಂಗಿಗೆ ಅದನ್ನು ಕೊಟ್ಟೆವು, ಅಲ್ಲಿ ಅದು ಸರಿಯಾಗಿ ಕೂರುತ್ತದೆ.

ಹೊಸ ಮೊದಲ ಫೋಟೋ ಬಿಳಿ ಬಟ್ಟೆಯ ಮೇಲೆ ಒಂದು ಅಟ್ಟಿ, ಅದರ ಮುಂದೆ ನೆಟ್ಟಗೆ ನಿಲ್ಲಿಸಿದ ಒಂದು ತಟ್ಟೆ. ಮಾರುವುದಷ್ಟೇ ಇರಬೇಕು. ಹೆಚ್ಚಿನ ದೊಡ್ಡ ತಾಣಗಳೂ ಮೊದಲ ಫೋಟೋಗೆ ಇದನ್ನೇ ಕೇಳುತ್ತವೆ. ಅಟ್ಟಿಯಲ್ಲಿ ಎಷ್ಟಿರಬೇಕು? ಸರಿಯಾಗಿ 25. ಐವತ್ತು ಜೋಡಿಸಿದರೆ ಎತ್ತರವಾಗಿ ಚೆನ್ನಾಗಿ ಕಾಣುತ್ತದೆ ಅಂತ ಮಗ ಅಂದ. ಯಾರು ಎಣಿಸುತ್ತಾರೆ ಅಂತಲೂ ಅಂದ. ಜಗಳದ ದಿನ ದೊಡ್ಡದು ಮಾಡಿ ಅಂಚು ಎಣಿಸುವವರು ಇದ್ದಾರೆ, ನಾನೇ ನೋಡಿದ್ದೇನೆ. ಎರಡನೇ ಫೋಟೋದಲ್ಲಿ ತಟ್ಟೆಯ ಮೇಲೆ ಅಂಚಿನಿಂದ ಅಂಚಿಗೆ ಸ್ಕೇಲು, ಅಂಕಿ ಓದುವ ಹಾಗೆ. ಮೂರನೆಯದು ತಳದ ಮೇಲೆ ಸ್ಕೇಲು. ನಾಲ್ಕನೆಯದು ಒಬ್ಬರ ಕೈಯಲ್ಲಿ ತಟ್ಟೆ, ಅನ್ನ, ಸಾರು ಬಡಿಸಿದ್ದು. ಅಂಕಿಗಿಂತ ಕೈ ನೋಡಿ ಗಾತ್ರ ತಿಳಿಯುವವರೇ ಜಾಸ್ತಿ.

ಉಳಿದದ್ದು ಆ ಕಪ್ಪು ಮಚ್ಚೆಯ ದೂರು. ಇದು ಮಲೆನಾಡಿನವರಿಗೆ ವಿಶೇಷವಾಗಿ ಬರುವ ತೊಂದರೆ. ಫೋಟೋ ತೆಗೆದದ್ದು ಫೆಬ್ರುವರಿಯಲ್ಲಿ, ಬಿಸಿಲಿಗೆ ಬಿದ್ದು ಬಿಸಿಲಲ್ಲೇ ಒಣಗಿದ ಹಾಳೆಯ ತಟ್ಟೆ, ಬೆಣ್ಣೆ ಬಣ್ಣ. ಕಳಿಸಿದ್ದು ಮಳೆ ಶುರುವಾದ ಮೇಲೆ. ತೋಟದಲ್ಲಿ ಬಿದ್ದ ಹಾಳೆ ಎರಡು ದಿನ ಮಳೆ ನೆನೆದರೂ ಸಾಕು, ಒಳಗೆ ಕಂದು ಗೆರೆ, ಕಪ್ಪು ಚುಕ್ಕೆ ಬಂದುಬಿಡುತ್ತದೆ. ಎಷ್ಟು ತೊಳೆದರೂ ಹೋಗಲ್ಲ. ಫೋಟೋದ ಬೆಣ್ಣೆ ಬಣ್ಣ ನೋಡಿ ತರಿಸಿದವರಿಗೆ ಅದು ಹಳೇ ಮಾಲು. ಲಿಸ್ಟಿಂಗಿನ ಒಂದು ಅಕ್ಷರವೂ ಬದಲಾಗಿಲ್ಲ, ಕಾಲ ಬದಲಾಗಿ ಫೋಟೋ ಸುಳ್ಳಾಯಿತು.

"ಸಹಜ ಬಣ್ಣ ವ್ಯತ್ಯಾಸ ಇರಬಹುದು" ಅಂತ ಬರೆದರೆ ಸಾಲದು, ಎಲ್ಲರೂ ಅದನ್ನೇ ಬರೆಯುತ್ತಾರೆ, ಯಾರೂ ಅದನ್ನು ನಂಬುವುದಿಲ್ಲ. ನಾವು ಮಾಡಿದ್ದು ಇಷ್ಟು: ಕಳಿಸೋಕೆ ನಾಚಿಕೆ ಆಗದ ತಟ್ಟೆಗಳಲ್ಲಿ ಅತಿ ಕಪ್ಪು ಯಾವುದೋ ಅದನ್ನು, ಅತಿ ಬೆಳ್ಳಗಿನದನ್ನು, ನಡುವಿನ ಒಂದನ್ನು ಸಾಲಾಗಿ ಇಟ್ಟು ಐದನೇ ಫೋಟೋ. ಅದರ ಮೇಲೆ "ನಿಮಗೆ ಇವುಗಳಲ್ಲಿ ಯಾವ ಬಣ್ಣದ್ದೂ ಬರಬಹುದು" ಅಂತ. ಆ ಕಪ್ಪಿಗಿಂತ ಕಪ್ಪಗಿರುವುದನ್ನು ಇನ್ನು ಆನ್‌ಲೈನಿಗೆ ಕಳಿಸುವುದಿಲ್ಲ, ಊರಿನ ಸಂತರ್ಪಣೆಗೆ ಹೋಗುತ್ತದೆ. ಆದರೆ ಬೆಳ್ಳಗೆ ಹತ್ತಿಯಂತೆ ಎದ್ದಿರುವ ಬೂಷ್ಟು ಬೇರೆ ವಿಷಯ. ಬಟ್ಟೆಯಲ್ಲಿ ಒರೆಸಿದರೆ ಬರುತ್ತದೆ, ವಾಸನೆ ಇರುತ್ತದೆ. ಅದು ಮಾಲಿನ ದೋಷ, ಒಣಗಿಸುವುದರಲ್ಲಿ, ಕಟ್ಟುವುದರಲ್ಲಿ ಆದ ತಪ್ಪು. ಅದನ್ನು ಯಾವ ಫೋಟೋದಿಂದಲೂ ಸರಿಮಾಡೋಕೆ ಹೋಗಬೇಡಿ.

ತಿದ್ದಬೇಕಾ, ಹೊಸದು ಮಾಡಬೇಕಾ

ಭಾವನ ಮಾಲು ಮೊದಲಿನಿಂದ ಒಂದೇ ಇತ್ತು, ಬರಹ ಮಾತ್ರ ತಪ್ಪಿತ್ತು. ಹಾಗಾಗಿ ಅದೇ ಲಿಸ್ಟಿಂಗ್ ತಿದ್ದಿದೆವು. ನಿಮ್ಮಲ್ಲಿ ಮಾಲೇ ಬದಲಾಗಿದ್ದರೆ, ಉದಾಹರಣೆಗೆ ಮೊದಲು 50 ಕಳಿಸುತ್ತಿದ್ದು ಈಗ 25 ಮಾಡಿದ್ದರೆ, ಹಳೇ ಪುಟವನ್ನು ಮುಚ್ಚಿ ಹೊಸದನ್ನೇ ಮಾಡಿ. ಹಳೇ ರಿವ್ಯೂಗಳಲ್ಲಿ "ಐವತ್ತೂ ಚೆನ್ನಾಗಿದ್ದವು" ಅಂತ ಜನ ಬರೆದಿರುತ್ತಾರೆ, ಅವರು ಹಾಕಿದ ಫೋಟೋಗಳೂ ಅಲ್ಲೇ ಇರುತ್ತವೆ, ಅವನ್ನು ನೀವು ತಿದ್ದೋಕೆ ಆಗಲ್ಲ. ಒಳ್ಳೆಯ ರಿವ್ಯೂ ಉಳಿಸಿಕೊಳ್ಳೋಕೆ ಅಂತ ಹಳೇ ಪುಟಕ್ಕೆ ಹೊಸ ಮಾಲು ತುರುಕಿದರೆ ತಾಣಗಳು ಅದನ್ನು ಮೋಸ ಅಂತಲೇ ನೋಡುತ್ತವೆ.

ಒಂದೇ ಪುಟದಲ್ಲಿ 8, 10, 12 ಇಂಚು ಅಂತ ಆಯ್ಕೆ ಇಟ್ಟವರು ಇನ್ನೂ ಒಂದು ಕೆಲಸ ಮಾಡಬೇಕು. ಲಾಗಿನ್ ಆಗದೇ, ಬೇರೆಯವರ ಫೋನಿನಲ್ಲಿ, ಪ್ರತಿ ಅಳತೆಯನ್ನೂ ಒತ್ತಿ ನೋಡಬೇಕು. ಅಳತೆ ಬದಲಾದಾಗ ಬೆಲೆ ಬದಲಾಗಿ ಫೋಟೋ ಮಾತ್ರ ಹಾಗೇ ಇರುತ್ತದೆ ಎಷ್ಟೋ ಕಡೆ. ಎಂಟು ಇಂಚು ಒತ್ತಿದವರಿಗೆ ಹನ್ನೆರಡು ಇಂಚಿನ ತುಂಬಿದ ತಟ್ಟೆ ಕಾಣುತ್ತಿದ್ದರೆ ಮುಂದಿನ ಫೋನ್ ಯಾವುದು ಅಂತ ಊಹಿಸಬಹುದು.

ಗೃಹಪ್ರವೇಶದ ಮೇಡಂ ವಿಷಯ. ಅಷ್ಟು ಹೊತ್ತಿಗೆ ಶಿವಮೊಗ್ಗದಿಂದ ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಹಾಕಿದರೂ ಬೆಳಗಿನ ಊಟಕ್ಕೆ ಅವರ ಕೈಗೆ ಸಿಗುತ್ತೆ ಅನ್ನೋ ಭರವಸೆ ಇರಲಿಲ್ಲ. ಭಾವ ಮೊದಲು ವಾದಿಸಿದ್ದನ್ನು ಬಿಟ್ಟು, ತಪ್ಪು ನಮ್ಮ ಪುಟದ್ದೇ ಅಂತ ಒಪ್ಪಿಕೊಂಡ. ಬಂದ ನೂರನ್ನು ಇಟ್ಟುಕೊಳ್ಳಿ, ಅರ್ಧ ಹಣ ವಾಪಸ್ ಮಾಡುತ್ತೇನೆ, ಉಳಿದದ್ದನ್ನು ಹತ್ತಿರದ ಅಂಗಡಿಯಲ್ಲಿ ಕೊಳ್ಳಿ ಅಂದ. ಕೇಳಿದ ಇನ್ನೂರಕ್ಕೆ ₹1,196 ಕೊಟ್ಟಿದ್ದರು, ಬಂದದ್ದು ನೂರು, ಹಾಗಾಗಿ ₹598. ವಾಪಸ್ ಮಾಡಿದ್ದು ತಾಣದ ಮೂಲಕವೇ, ನೇರ ಫೋನ್‌ಪೇ ಮಾಡಲಿಲ್ಲ. ಹೊರಗೆ ಕೊಟ್ಟರೆ ತಾಣದ ಲೆಕ್ಕದಲ್ಲಿ ಆ ದೂರು ತೆರೆದೇ ಇರುತ್ತದೆ, ಎರಡನೇ ಸಲವೂ ಕೊಡಬೇಕಾಗಿ ಬರಬಹುದು.

ಆಮೇಲೆ ಒಂದು ತಿಂಗಳು ಬಂದ ದೂರುಗಳನ್ನು ದೂರು ಬಂದ ತಾರೀಕಿನಿಂದ ಅಲ್ಲ, ಆರ್ಡರ್ ಮಾಡಿದ ತಾರೀಕಿನಿಂದ ಬೇರೆ ಮಾಡಿ ನೋಡಿದೆವು. ತಿದ್ದಿದ ಮೇಲೂ ಎರಡು ಬಂದಿದ್ದವು, ಭಾವ "ನೋಡು, ಏನೂ ಪ್ರಯೋಜನ ಆಗಲಿಲ್ಲ ಮಾರಾಯಾ" ಅಂತ ಕೂತಿದ್ದ. ಎರಡೂ ತಿದ್ದುವ ಮೊದಲಿನ ಆರ್ಡರ್‌ಗಳು. ಮಾಲು ತಲುಪೋಕೆ ಐದಾರು ದಿನ, ರಿಟರ್ನಿಗೆ ಇನ್ನೂ ಒಂದು ವಾರ, ಹಾಗಾಗಿ ಹಳೇ ತಪ್ಪಿನ ದೂರು ತಿದ್ದಿದ ಮೇಲೂ ಎರಡು ವಾರ ಬರುತ್ತಲೇ ಇರುತ್ತದೆ.

ಹೊಸ ಆರ್ಡರಿನಿಂದ ಬಂದದ್ದು ಒಂದೇ ದೂರು, ಅದೂ ತಾಣದಿಂದಲ್ಲ. ಶಿವಮೊಗ್ಗದ ಒಬ್ಬ ಅಂಗಡಿಯವರು ವಾಟ್ಸಾಪಿನಲ್ಲಿ ಕೇಳಿದ್ದರು, ಐವತ್ತರ ಪ್ಯಾಕ್ ಅಂತ ಇದೆ, ಇಪ್ಪತ್ತೈದು ಬಂದಿದೆಯಲ್ಲ ಅಂತ. ವಾಟ್ಸಾಪ್ ಕೆಟಲಾಗಿಗೆ ಹಳೇ ಲಿಸ್ಟಿಂಗನ್ನೇ ನಕಲು ಮಾಡಿ ಹಾಕಿದ್ದು ಯಾರಿಗೂ ನೆನಪಿರಲಿಲ್ಲ. ಭಾವನ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ಕೊಡೆ ಹಿಡಿದುಕೊಂಡು ಗೇಟಿನ ಹತ್ತಿರದ ದರೆ ಹತ್ತಿ ನಿಂತು, ಚೀಟಿಯ ಫೋಟೋ ನೋಡಿಕೊಂಡು, ಅಲ್ಲೂ ಐವತ್ತನ್ನು ಅಳಿಸಿ ಇಪ್ಪತ್ತೈದು ಮಾಡಿದ.